ಅಜ್ಜಿಯ ಫೋಟೋದಲ್ಲಿದ್ದ ಬಕೆಟ್: ಯಾವ ಸೆಟ್ಟಿಂಗ್ ಬೆರೆಯಿತು, ಯಾವುದು ಎದ್ದು ಕಂಡಿತು

ಅಜ್ಜಿ ಜಗಲಿಯಲ್ಲಿ ಕೂತಿರುವ ಫೋಟೋ ನಮ್ಮ ಮನೆಯಲ್ಲಿ ಒಂದೇ ಇದೆ. ಅವರ ಸೀರೆ ಅಂಚಿಗೆ ತಾಗಿಕೊಂಡೇ ಒಂದು ನೀಲಿ ಪ್ಲಾಸ್ಟಿಕ್ ಬಕೆಟ್. ಅದನ್ನು ತೆಗೆದು, ಕೆಂಪು ನೆಲ ಹಾಗೇ ಮುಂದುವರಿದಂತೆ ಕಾಣಬೇಕಿತ್ತು. AUTOMATIC1111ನಲ್ಲಿ, ಚಿತ್ರ ಬಿಡಿಸುವ AI ಮಾದರಿ ಸ್ಟೇಬಲ್ ಡಿಫ್ಯೂಷನ್ 1.5 ಇಟ್ಟುಕೊಂಡು ಪ್ರಯತ್ನಿಸಿದೆ. ಬಕೆಟ್ ಮೇಲೆ ಮಾಸ್ಕ್ ಬಳಿದರೆ ಅಷ್ಟು ಜಾಗವನ್ನು ಅದು ಹೊಸದಾಗಿ ಬಿಡಿಸುತ್ತದೆ. ಬಿಡಿಸುವ ಅಳತೆ 512×512 (ಫೋಟೋ ಇದಕ್ಕಿಂತ ದೊಡ್ಡದು), `Inpaint area` ಯಾವಾಗಲೂ `Only masked`, ಸೀಡ್ ಒಂದೇ. ಪ್ರತಿ ಸಲ ಒಂದೇ ಸೆಟ್ಟಿಂಗ್ ಬದಲಿಸಿದೆ.

ಮೊದಲು `Denoising strength`, ಅಂದರೆ ಮಾಸ್ಕ್ ಒಳಗಿನ ಚಿತ್ರವನ್ನು ಎಷ್ಟು ಬದಲಿಸಬೇಕು ಅನ್ನುವುದು. 0.4ಕ್ಕೆ ಬಕೆಟ್ ಮಂಕಾಯಿತು, ಹೋಗಲಿಲ್ಲ. 0.75ಕ್ಕೆ ಬಕೆಟ್ ಹೋಗಿ ಅದೇ ಜಾಗಕ್ಕೆ ನೀಲಿ ಕೊಡ ಬಂತು! 1ಕ್ಕೆ ನೆಲ ಬಂತು, ಆದರೆ ಕೆಂಪು ಬೇರೆಯದೇ. ತಪ್ಪು ಇದ್ದದ್ದು `Masked content`ನಲ್ಲಿ. `original` ಇದ್ದರೆ ಕೆಲಸ ಬಕೆಟ್‌ನ ನೀಲಿಯಿಂದಲೇ ಶುರುವಾಗುತ್ತದೆ. `fill` ಕೊಟ್ಟರೆ ಸುತ್ತಲಿನ ಬಣ್ಣವನ್ನು ಮಾಸ್ಕ್ ಒಳಗೆ ಹರಡಿಕೊಂಡು ಶುರು. `fill` ಜೊತೆ ಅದೇ 0.75 ಸರಿಯಾಗಿ ಕೂತಿತು.

ನನಗೆ ಜಾಸ್ತಿ ಕಲಿಸಿದ್ದು ಪ್ಯಾಡಿಂಗ್, ಅಂದರೆ ಮಾಸ್ಕ್ ಸುತ್ತ ಎಷ್ಟು ಜಾಗವನ್ನು ಸೇರಿಸಿ ನೋಡಬೇಕು ಅನ್ನುವುದು. ಮಾಸ್ಕ್ ಸುಮಾರು 200 ಪಿಕ್ಸೆಲ್ ಅಗಲ. ಪ್ಯಾಡಿಂಗ್ 32 ಇಟ್ಟರೆ ಎರಡೂ ಕಡೆ ಸೇರಿ 264 ಪಿಕ್ಸೆಲ್‌ನ ತುಂಡು ಕತ್ತರಿಸಿ, ಅದನ್ನು 512ಕ್ಕೆ ಹಿಗ್ಗಿಸಿ, ಕೆಲಸ ಮುಗಿದ ಮೇಲೆ ಮತ್ತೆ ಕುಗ್ಗಿಸಿ ಅಂಟಿಸುತ್ತದೆ. ಅದಕ್ಕೇ ಹೊಸ ನೆಲ ಪಕ್ಕದ ನೆಲಕ್ಕಿಂತ ಚೂಪಾಗಿ ಕಂಡಿತು. ಕಂಬದ ನೆರಳಿನ ಸಣ್ಣ ತುದಿ ಮಾತ್ರ ಆ ತುಂಡಿನೊಳಗೆ ಬಂದಿತ್ತು, ಹಾಗಾಗಿ ನೆರಳು ಮಾಸ್ಕ್ ಅಂಚಿಗೆ ಬಂದು ಕತ್ತರಿಸಿದಂತೆ ನಿಂತಿತು. 256 ಇಟ್ಟಾಗ ಉಲ್ಟಾ: 712 ಪಿಕ್ಸೆಲ್ ತುಂಡು 512ಕ್ಕೆ ಕುಗ್ಗಿ, ವಾಪಸ್ ಹಿಗ್ಗಿತು. ನೆರಳು ಸರಿ ಬಂತು, ನೆಲ ಮಾತ್ರ ಮಸುಕು. 128ಕ್ಕೆ ತುಂಡು 456, ಅಂದರೆ 512ಕ್ಕೆ ಹತ್ತಿರ. ನೆರಳೂ ಮುಂದುವರಿಯಿತು, ಹಳೇ ಫೋಟೋದ ಕಾಳುಕಾಳೂ ಹೆಚ್ಚುಕಮ್ಮಿ ಹೊಂದಿತು. ನನ್ನ ಮತ 128ಕ್ಕೆ. ನಿಮ್ಮ ಮಾಸ್ಕ್ ದೊಡ್ಡದಿದ್ದರೆ ಈ ಲೆಕ್ಕ ಮತ್ತೆ ಹಾಕಬೇಕು, ಸುಮ್ನೆ 128 ಅಂತ ಇಡಬೇಡಿ.

ಕೊನೆಗೆ `Mask blur`, ಅಂದರೆ ಮಾಸ್ಕ್ ಅಂಚು ಎಷ್ಟು ಮಸುಕಾಗಬೇಕು ಅನ್ನುವುದು. 0 ಇಟ್ಟರೆ ಕತ್ತರಿ ಹಾಕಿದ ಗೆರೆ. ಮೊದಲೇ ಇರುವ 4ರಲ್ಲಿ ಗೆರೆ ಮಂಕಾಯಿತು, ಕಣ್ಣಿಟ್ಟು ನೋಡಿದರೆ ಗೊತ್ತಾಗುತ್ತಿತ್ತು. 12ಕ್ಕೆ ನೆಲದ ಮೇಲೆ ಗುರುತೇ ಇಲ್ಲ. ಆದರೆ ಈ ಮಸುಕು ಮಾಸ್ಕ್‌ನ ಒಳಕ್ಕೂ ಹರಡುತ್ತದೆ. ಬಕೆಟ್ ಅಂಚಿಗೇ ಮಾಸ್ಕ್ ಬಳಿದಿದ್ದಾಗ ಸುತ್ತ ತೆಳುವಾದ ನೀಲಿ ಬಳೆ ಉಳಿಯಿತು. ಸುಮಾರು 20 ಪಿಕ್ಸೆಲ್ ಆಚೆಗೆ, ಬಕೆಟ್‌ನ ನೆರಳನ್ನೂ ಸೇರಿಸಿ ಬಳಿದ ಮೇಲೆ ಅದು ಹೋಯಿತು.

ಸೀರೆ ಕಡೆ ಮಾತ್ರ 12 ಆಗಲಿಲ್ಲ, ಜರಿ ಅಂಚು ಕಲಸಿಹೋಯಿತು. ಅಲ್ಲಿ ಆಚೆಗೆ ಬಳಿಯುವ ಹಾಗೂ ಇಲ್ಲ, ಜರಿಯೇ ಅಳಿಸಿಹೋಗುತ್ತದಲ್ವಾ? ಅದಕ್ಕೆ ಎರಡು ಸಲ ಮಾಡಿದೆ. ಮೊದಲು ನೆಲ, 12ಕ್ಕೆ. ಆಮೇಲೆ ಜರಿ ಪಕ್ಕ ಉಳಿದಿದ್ದ ಸಣ್ಣ ನೀಲಿ ಪಟ್ಟಿ, 2ಕ್ಕೆ.