ದೊಡ್ಡ ಅಂಕಿಯ ಬಾಲಕ್ಕಿದ್ದ ಒಂದು 'L': ಡ್ಯಾಶ್‌ಬೋರ್ಡ್ ಮಾಡುವವರು ಇದನ್ನು ಓದಿ

ಕಳೆದ ಮಾರ್ಚ್‌ನಲ್ಲಿ ನಾನು ಮಾಡಿಕೊಟ್ಟ ಒಂದು ಪರದೆಯಿಂದಾಗಿ, ಯಾವ ತಪ್ಪೂ ಮಾಡದ ಒಬ್ಬರು ನಾಲ್ಕು ದಿನ ತಲೆ ಎತ್ತದೆ ಓಡಾಡಬೇಕಾಯಿತು. ಅಂಕಿಗಳೆಲ್ಲ ಸರಿಯಾಗಿಯೇ ಇದ್ದವು. ಅವನ್ನು ತೋರಿಸಿದ ರೀತಿ ತಪ್ಪಾಗಿತ್ತು. ಇದೇ ಕೆಲಸ ಮಾಡುವ ಬೇರೆಯವರು ನನ್ನ ಹಾಗೆ ಮುಗ್ಗರಿಸದಿರಲಿ ಅಂತ ಬರೆಯುತ್ತಿದ್ದೇನೆ.

ಒಂದು ಹಾಲು ಒಕ್ಕೂಟಕ್ಕೆ ಡ್ಯಾಶ್‌ಬೋರ್ಡ್ ಬೇಕಿತ್ತು. ಹೆಸರು ಬೇಡ. ಮೀಟಿಂಗ್ ಹಾಲ್‌ನ ಗೋಡೆಗೆ ದೊಡ್ಡ ಟಿವಿ, ಅದರಲ್ಲಿ ಮೂರು ಕಾರ್ಡ್. ಎಡಗಡೆಯದು ದಿನಕ್ಕೆ ಸರಾಸರಿ ಎಷ್ಟು ಹಾಲು ಡೇರಿಗೆ ಬಂತು ಅನ್ನುವುದು, ಬಲಗಡೆಯದು ಅದರಲ್ಲಿ ಎಷ್ಟು ಸೈಲೋಗೆ, ಅಂದರೆ ಹಾಲು ತುಂಬಿಡುವ ದೊಡ್ಡ ಟ್ಯಾಂಕಿಗೆ, ಇಳಿಯಿತು ಅನ್ನುವುದು. ಕೆಳಗೆ ತಿಂಗಳ ಒಟ್ಟು ಶೇಖರಣೆ. ಫೆಬ್ರವರಿ ಮುಗಿದ ಮೇಲೆ ನಡೆದ ಸಭೆಯಲ್ಲಿ ಪರದೆ ಮೇಲೆ ಕಂಡದ್ದು ಇಷ್ಟು: ಎಡಕ್ಕೆ 2.42L, ಬಲಕ್ಕೆ 2.35L, ಕೆಳಗೆ 67.76L, ಅದರ ಪಕ್ಕ ಕೆಂಪು ಬಣ್ಣದಲ್ಲಿ ▼ 8.9%.

ನಿರ್ದೇಶಕರೊಬ್ಬರು ಕೂತಲ್ಲೇ ಎಡದ ಅಂಕಿಯಿಂದ ಬಲದ್ದನ್ನು ಕಳೆದರು. "ಏನ್ರೀ ಇದು, ದಿನಕ್ಕೆ ಏಳು ಸಾವಿರ ಲೀಟರ್ ಗೇಟಿಗೂ ಸೈಲೋಗೂ ಮಧ್ಯೆ ಎಲ್ಲಿ ಹೋಗ್ತಿದೆ?" ಇನ್ನೊಬ್ಬರು ಅದನ್ನು ಇಪ್ಪತ್ತೆಂಟರಿಂದ ಗುಣಿಸಿ, ತಿಂಗಳಿಗೆ ಎರಡು ಲಕ್ಷ ಲೀಟರ್ ಹತ್ತಿರ ಅಂದರು. ಕೆಳಗಿನ ಕೆಂಪು ಬಾಣ ನೋಡಿದ ಮೇಲಂತೂ ಯಾರಿಗೂ ಅನುಮಾನ ಉಳಿಯಲಿಲ್ಲ. ಟ್ಯಾಂಕರ್‌ಗಳನ್ನು ತೂಗುವ ವೇಬ್ರಿಡ್ಜ್‌ನವರನ್ನು ಅವತ್ತು ಸಂಜೆಯೇ ಆ ಜಾಗದಿಂದ ಎಬ್ಬಿಸಿ, ಬೇರೆಯವರನ್ನು ಕೂರಿಸಿದರು.

ನಿಜ ಏನು ಅಂದರೆ ಎರಡೂ ಕಾರ್ಡಿನಲ್ಲಿ ಇದ್ದದ್ದು ಒಂದೇ ಹಾಲು. ಟ್ಯಾಂಕರ್ ವೇಬ್ರಿಡ್ಜ್ ಮೇಲೆ ನಿಲ್ಲುತ್ತದೆ, ಅಲ್ಲಿ ಸಿಗುವ ಲೆಕ್ಕ ಕೆಜಿ. ಸೈಲೋಗೆ ಹೋಗುವ ಪೈಪಿನಲ್ಲಿ ಫ್ಲೋ ಮೀಟರ್ ಇದೆ, ಅದು ಕೊಡುವುದು ಲೀಟರ್. ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ. 2.42 ಲಕ್ಷ ಕೆಜಿಯನ್ನು 1.03ರಿಂದ ಭಾಗಿಸಿದರೆ ಬರುವುದು 2.35 ಲಕ್ಷ ಲೀಟರ್. ಒಂದು ಹನಿಯೂ ಎಲ್ಲಿಗೂ ಹೋಗಿರಲಿಲ್ಲ.

ಡೇರಿಯಲ್ಲಿ ಕೆಲಸ ಮಾಡುವವರಿಗೆ ಇದು ಗೊತ್ತಿರಲಿಲ್ಲವೇ ಅಂತ ನೀವು ಕೇಳಬಹುದು. ಚೆನ್ನಾಗಿ ಗೊತ್ತಿತ್ತು. ಶೇಖರಣೆ ವಿಭಾಗದ ಮ್ಯಾನೇಜರ್ ಆಮೇಲೆ ನನಗೆ ಹೇಳಿದ್ದು ಇದು: "ಎರಡರ ಮುಂದೆಯೂ L ಅಂತ ಇತ್ತಲ್ಲ ಸಾರ್, ನೀವೇ ಕೆಜಿನ ಲೀಟರ್‌ಗೆ ತಿರುಗಿಸಿ ಹಾಕಿದ್ದೀರಿ ಅಂದ್ಕೊಂಡೆ." ನಾನು L ಅಂತ ಹಾಕಿದ್ದು ಲಕ್ಷಕ್ಕೆ. ಅವರು ಓದಿದ್ದು ಲೀಟರ್ ಅಂತ. ಹಾಲಿನ ಜಾಗದಲ್ಲಿ ಕೂತವರು ಬೇರೆ ಹೇಗೆ ಓದಿಯಾರು? ವಿಷಯ ಗೊತ್ತಿದ್ದವರೇ ಕಾರ್ಡ್ ನಂಬಿ ಸುಮ್ಮನಾದದ್ದು ನನಗೆ ಇವತ್ತಿಗೂ ಚುಚ್ಚುತ್ತದೆ.

ಆ L ನಾನು ಕೈಯಾರೆ ಬರೆದದ್ದೂ ಅಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ದೊಡ್ಡ ಸಂಖ್ಯೆಯನ್ನು ಚಿಕ್ಕದಾಗಿ ತೋರಿಸಲು ಇರುವ ಸೌಲಭ್ಯ ಬಳಸಿದ್ದೆ:

```
new Intl.NumberFormat('en-IN', {
  notation: 'compact', maximumFractionDigits: 2
}).format(242000)   // "2.42L"
```

ಭಾರತದ ಇಂಗ್ಲಿಷ್‌ಗೆ ಅದು ಲಕ್ಷವನ್ನು L ಅಂತಲೇ ಕೊಡುತ್ತದೆ. ಹಣದ ಲೆಕ್ಕದಲ್ಲಿ ಮುಂದೆ ರೂಪಾಯಿ ಗುರುತು ಇರುವುದರಿಂದ ತೊಂದರೆ ಇಲ್ಲ. ಹಾಲು, ಎಣ್ಣೆ, ನೀರು, ಡೀಸೆಲ್, ಇಂಥ ಲೀಟರ್ ಇರುವ ಕಡೆಯೆಲ್ಲ ಇದು ಗುಂಡಿ. ಈಗ ನಾನೇ ಭಾಗಿಸಿ, ಅಳತೆಯನ್ನು ಪೂರ್ತಿ ಬರೆಯುತ್ತೇನೆ:

```
(242000 / 100000).toFixed(2) + '\u00A0ಲಕ್ಷ\u00A0ಕೆಜಿ'
```

ಮಧ್ಯದ `\u00A0` ಸಾಲು ಮುರಿಯದ ಖಾಲಿ ಜಾಗ. ಅದಿಲ್ಲದಿದ್ದರೆ ಕಿರಿದಾದ ಮೊಬೈಲ್ ಪರದೆಯಲ್ಲಿ "2.42" ಮೇಲಿನ ಸಾಲಿನಲ್ಲಿ ಉಳಿದು "ಲಕ್ಷ ಕೆಜಿ" ಕೆಳಗಿಳಿಯುತ್ತದೆ.

ಹಾಗೆ ನೋಡಿದರೆ ನನ್ನ ಹಳೆಯ ಕಾರ್ಡಿನಲ್ಲೂ 'ಕೆಜಿ' ಅಂತ ಬರೆದಿತ್ತು. ಅಂಕಿ 120 ಪಿಕ್ಸೆಲ್, ಅದರ ಕೆಳಗೆ ತಿಳಿ ಬೂದು ಬಣ್ಣದಲ್ಲಿ 16 ಪಿಕ್ಸೆಲ್‌ನ "ಶೇಖರಣೆ, ಕೆಜಿ". ಲ್ಯಾಪ್‌ಟಾಪ್‌ನಲ್ಲಿ ನೋಡಿದಾಗ ಬಹಳ ನಾಜೂಕಾಗಿ ಕಾಣುತ್ತಿತ್ತು, ನಾನೇ ಮೆಚ್ಚಿಕೊಂಡಿದ್ದೆ. ಹಾಲ್‌ನ ಕೊನೆಯ ಕುರ್ಚಿಯಿಂದ ನೋಡಿದರೆ ಆ ಸಾಲು ಗೋಡೆಯ ಕಲೆಯ ಹಾಗಿತ್ತು. ಅಂಕಿಯನ್ನು ಎಷ್ಟು ಹಿಗ್ಗಿಸುತ್ತೇವೋ ಅದರ ಅಳತೆಯನ್ನೂ ಅದೇ ಲೆಕ್ಕದಲ್ಲಿ ಹಿಗ್ಗಿಸಬೇಕು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಈಗ ಅಳತೆ ಅಂಕಿಯ ಸುಮಾರು ಅರ್ಧದಷ್ಟು ದೊಡ್ಡದು, ಅದೇ ಸಾಲಿನಲ್ಲಿ, ಅದೇ ಕಪ್ಪು ಬಣ್ಣದಲ್ಲಿ. ಕಾರ್ಡ್ ಮೊದಲಿನಷ್ಟು ಚೆಂದ ಕಾಣುವುದಿಲ್ಲ. ಇರಲಿ.

ಇನ್ನು ಆ ಕೆಂಪು ಬಾಣದ ಕಥೆ. ಜನವರಿಯಲ್ಲಿ ದಿನಕ್ಕೆ ಸರಾಸರಿ 2.40 ಲಕ್ಷ ಕೆಜಿ ಬಂದಿತ್ತು, 31 ದಿನಕ್ಕೆ 74.40 ಲಕ್ಷ. ಫೆಬ್ರವರಿಯಲ್ಲಿ ದಿನಕ್ಕೆ 2.42 ಲಕ್ಷ, 28 ದಿನಕ್ಕೆ 67.76 ಲಕ್ಷ. ಒಟ್ಟಿಗೆ ಒಟ್ಟು ಹೋಲಿಸಿದರೆ ಶೇ. 8.9 ಇಳಿಕೆ. ದಿನದ ಲೆಕ್ಕದಲ್ಲಿ ನೋಡಿದರೆ ಹಾಲು ಸ್ವಲ್ಪ ಹೆಚ್ಚೇ ಆಗಿದೆ. ನಮ್ಮ ಪರದೆ ಕ್ಯಾಲೆಂಡರ್‌ನ ಮೂರು ದಿನದ ಕೊರತೆಯನ್ನು ಕೆಂಪು ಬಣ್ಣ ಬಳಿದು ತೋರಿಸುತ್ತಿತ್ತು. ಬೇರೆ ದಿನವಾಗಿದ್ದರೆ ಯಾರಾದರೂ "ಫೆಬ್ರವರಿ ಅಲ್ವಾ" ಅಂತ ನಕ್ಕು ಬಿಡುತ್ತಿದ್ದರೇನೋ. ಮೇಲಿನ ಎರಡು ಕಾರ್ಡು ಆಗಲೇ ಕಳ್ಳತನದ ಕಥೆ ಹೇಳಿ ಮುಗಿಸಿದ್ದರಿಂದ, ಈ ಬಾಣ ಅದಕ್ಕೆ ಸಾಕ್ಷಿ ನಿಂತಿತು.

ಈಗ ತಿಂಗಳ ಒಟ್ಟಿನ ಕಾರ್ಡಿಗೆ ಬಾಣವೇ ಇಲ್ಲ. ಹೋಲಿಕೆ ಇರುವುದು ದಿನದ ಸರಾಸರಿಗೆ ಮಾತ್ರ, ಅದೂ ಬರೀ ಶೇಕಡಾ ಅಲ್ಲ. ಅಂಕಿಯ ಕೆಳಗೆ "ಫೆಬ್ರವರಿ 1–28, ದಿನದ ಸರಾಸರಿ. ಜನವರಿ: 2.40. ಹೋದ ವರ್ಷ ಫೆಬ್ರವರಿ:" ಅಂತ ಶುರುವಾಗಿ ಆ ಅಂಕಿಯೂ ಬರುತ್ತದೆ. ಹಸಿರು ಮೇವು ಹೇರಳವಾಗಿ ಸಿಗುವ ಕಾಲಕ್ಕೂ ಬೇಸಿಗೆಗೂ ಹಾಲು ಒಂದೇ ಇರುವುದಿಲ್ಲ. ಹಾಗಾಗಿ ಹಿಂದಿನ ತಿಂಗಳಿಗಿಂತ ಹೋದ ವರ್ಷದ ಅದೇ ತಿಂಗಳು ಹೆಚ್ಚು ಹೇಳುತ್ತದೆ.

ಬಲಗಡೆಯ ಕಾರ್ಡನ್ನೂ ಕೆಜಿಗೆ ತಂದಿದ್ದೇನೆ. ಪಕ್ಕಪಕ್ಕ ಎರಡು ಅಂಕಿ ಇಟ್ಟರೆ ಜನ ಕಳೆಯುತ್ತಾರೆ, ಬೇಡ ಅಂದರೂ ಕಳೆಯುತ್ತಾರೆ. ಆದ್ದರಿಂದ ಕಳೆದಾಗ ಅರ್ಥ ಬರುವ ಹಾಗೆ ಇಡಬೇಕು. ಪರಿವರ್ತನೆಗೆ 1.03 ಅಂತ ಕಣ್ಣುಮುಚ್ಚಿ ಹಾಕದೆ ಲ್ಯಾಬ್‌ನವರ ಲ್ಯಾಕ್ಟೋಮೀಟರ್ ರೀಡಿಂಗ್ ತೆಗೆದುಕೊಳ್ಳುತ್ತೇವೆ. ರೀಡಿಂಗ್ 28 ಅಂದರೆ ಸಾಂದ್ರತೆ 1.028, 30 ಅಂದರೆ 1.030. ನೋಡಲು ಚಿಕ್ಕ ವ್ಯತ್ಯಾಸ, ಆದರೆ 2.35 ಲಕ್ಷ ಲೀಟರ್‌ಗೆ ಅದು 470 ಕೆಜಿ. ನಿಜವಾದ ಸೋರಿಕೆ ಹುಡುಕುವವರಿಗೆ ಅಷ್ಟು ಸಾಕು, ಮತ್ತೆ ದಾರಿ ತಪ್ಪಲು.

ತಪ್ಪು ಹಿಡಿದದ್ದು ಲ್ಯಾಬ್‌ನ ಒಬ್ಬ ಹುಡುಗಿ, ನಾಲ್ಕನೇ ದಿನ. ಅವಳು ನೋಡಿದ್ದು ಟಿವಿಯನ್ನೂ ಅಲ್ಲ, ವಾಟ್ಸಾಪ್‌ನಲ್ಲಿ ಓಡಾಡುತ್ತಿದ್ದ ಫೋಟೋವನ್ನು. ಯಾರೋ ಎರಡು ಕಾರ್ಡನ್ನು ಮಾತ್ರ ಕತ್ತರಿಸಿ, ಶೀರ್ಷಿಕೆ ತಿಂಗಳು ಎಲ್ಲ ಬಿಟ್ಟು, ಸಂಘಗಳ ಗುಂಪಿಗೆ ಕಳಿಸಿದ್ದರು. "ಇದು ಒಂದಕ್ಕೊಂದು 1.03 ಇದೆಯಲ್ಲ ಸಾರ್" ಅಂದಳಂತೆ. ವೇಬ್ರಿಡ್ಜ್‌ನವರು ಮಾರನೆಯ ದಿನ ತಮ್ಮ ಕುರ್ಚಿಗೆ ವಾಪಸ್ ಬಂದರು. ಸಭೆಯಲ್ಲಿ ಕ್ಷಮೆ ಕೇಳಿದ್ದು ನಾನೊಬ್ಬನೇ.

ಅದಕ್ಕೇ ಈಗ ಕಾರ್ಡ್ ಮುಗಿದ ಮೇಲೆ ಅದೊಂದನ್ನೇ ಕತ್ತರಿಸಿ, ಆ ಪರದೆ ನೋಡಿರದ ಯಾರಿಗಾದರೂ ಫೋನಿನಲ್ಲಿ ಕಳಿಸುತ್ತೇನೆ, ಏನೂ ವಿವರಣೆ ಕೊಡದೆ. ಏನು, ಎಷ್ಟು, ಯಾವಾಗಿನದು ಅಂತ ಅವರು ತಿರುಗಿ ನನಗೆ ಹೇಳಬೇಕು. ಹೋದ ವಾರ ತುಪ್ಪದ ಕಾರ್ಡ್ ಕಳಿಸಿದ್ದೆ. "ಟನ್ ಅಂತ ಗೊತ್ತಾಯ್ತು, ಮಾರಿದ್ದೋ ಸ್ಟಾಕ್ ಇರೋದೋ?" ಅಂತ ಉತ್ತರ ಬಂತು. ಅದನ್ನು ಇವತ್ತು ತಿದ್ದುತ್ತಿದ್ದೇನೆ.