ಒಂದೇ ಉತ್ತರ, ನಾಲ್ಕು ರೂಪ: ಕೋಟೆ ನೋಡೋಕೆ ಬರೋರಿಗೆ ಹೇಗೆ ಬರೆಯೋದು?

ಚಿತ್ರದುರ್ಗದಲ್ಲಿ ಮನೆ ಇದ್ದರೆ ಒಂದು ಪ್ರಶ್ನೆ ತಪ್ಪೋದಿಲ್ಲ. "ಅಣ್ಣ, ಶನಿವಾರ ಹುಬ್ಬಳ್ಳಿಯಿಂದ ಕಾರಲ್ಲಿ ಬರ್ತೀವಿ, ಅಮ್ಮನೂ ಇರ್ತಾಳೆ, ಕೋಟೆ ಹೇಗೆ ನೋಡೋದು, ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೂ ನಿಲ್ಲಬೇಕು." ಕೇಳಿದವನು ದೊಡ್ಡಮ್ಮನ ಮಗ, ನನಗಿಂತ ಚಿಕ್ಕವನು. ದೊಡ್ಡಮ್ಮನಿಗೆ ಮಂಡಿ ನೋವು. ಇದಕ್ಕೆ ಫೋನಲ್ಲಿ ಹೇಳೋದಾದರೆ ಎರಡು ನಿಮಿಷದ ಮಾತು. ಬರೆಯೋಕೆ ಕೂತರೆ ಮಾತ್ರ ಈಗೀಗ ಎಲ್ಲರ ಕೈಗೂ ಒಂದೇ ಅಚ್ಚು ಬಂದುಬಿಟ್ಟಿದೆ, ದಪ್ಪ ಅಕ್ಷರದ ತಲೆಬರಹ, ಅದರ ಕೆಳಗೆ ಚುಕ್ಕಿ ಚುಕ್ಕಿ ಸಾಲು, ಮಧ್ಯೆ ಉದ್ದುದ್ದ ಗೆರೆ. ಹಾಗಾಗಿ ಇದೇ ಉತ್ತರವನ್ನು ಬೇರೆ ಬೇರೆ ರೂಪದಲ್ಲಿ ಬರೆದು, ಮನೆಯವರಿಗೂ ಒಂದಿಬ್ಬರು ಗೆಳೆಯರಿಗೂ ಕಳಿಸಿ ನೋಡಿದೆ. ನಾನು ಗಮನಿಸಿದ್ದು ಒಂದೇ ವಿಷಯ, ಓದಿದ ಮೇಲೆ ಅವರು ವಾಪಸ್ ಏನು ಕೇಳ್ತಾರೆ ಅನ್ನೋದು.

ಮೊದಲನೆಯದು ಎಲ್ಲರಿಗೂ ಗೊತ್ತಿರೋ ರೂಪ.

```
## ಭೇಟಿಯ ಯೋಜನೆ
- **ಸಮಯ:** ಬೆಳಗ್ಗೆ ಬೇಗ ಬನ್ನಿ
- **ಬಿಸಿಲು:** ಬಂಡೆ ಬೇಗ ಕಾಯುತ್ತದೆ
- **ಆರೋಗ್ಯ:** ಮಂಡಿ ನೋವಿನ ಬಗ್ಗೆ ಎಚ್ಚರ ಇರಲಿ
- **ಜಾಗಗಳು:** ಏಕನಾಥೇಶ್ವರಿ ಗುಡಿ, ಓಬವ್ವನ ಕಿಂಡಿ, ತುಪ್ಪದ ಕೊಳ
- **ಊಟ:** ದಾವಣಗೆರೆ ಬೆಣ್ಣೆ ದೋಸೆ
```

ನೋಡೋಕೆ ಚೆನ್ನಾಗಿದೆ, ಅಲ್ವಾ? ಒಂದು ಸಾಲೂ ಸುಳ್ಳಲ್ಲ. ಆದರೆ ಓದಿದವರೆಲ್ಲ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ದೊಡ್ಡಮ್ಮನ್ನ ಕರ್ಕೊಂಡು ಹೋಗಬಹುದೋ ಬೇಡವೋ?" ಅವನು ಕೇಳಿದ್ದ ನಿಜವಾದ ಪ್ರಶ್ನೆಯೇ ಅದು. ಐದು ಸಾಲಲ್ಲಿ ಅದಕ್ಕೆ ಉತ್ತರ ಇಲ್ಲ. ಬರೆದವನಿಗೆ ಗೊತ್ತಿಲ್ಲ ಅಂತಲ್ಲ, ಆ ರೂಪದಲ್ಲಿ ಅದನ್ನು ಹೇಳೋಕೆ ಜಾಗವೇ ಇಲ್ಲ.

ಇಲ್ಲಿ ವಿಷಯ ಒಂದಕ್ಕೊಂದು ಕೊಂಡಿ ಹಾಕಿಕೊಂಡಿದೆ. ದೊಡ್ಡಮ್ಮ ನಿಧಾನಕ್ಕೆ ಹತ್ತಬೇಕು, ನಿಧಾನ ಆದಷ್ಟೂ ಬಿಸಿಲು ಏರುತ್ತೆ, ಬಿಸಿಲು ಏರಿದರೆ ಬಂಡೆ ಕಾದು ಕೂತು ಸುಧಾರಿಸಿಕೊಳ್ಳೋಕೂ ಆಗೋದಿಲ್ಲ, ಅದಕ್ಕೇ ಬೇಗ ಬರಬೇಕು, ಬೇಗ ಬರಬೇಕಾದರೆ ಬೆಳಗ್ಗೆ ದೋಸೆಗೆ ನಿಲ್ಲೋ ಹಾಗಿಲ್ಲ. ಹುಬ್ಬಳ್ಳಿಯಿಂದ ಐದಕ್ಕೆ ಹೊರಟರೂ ದಾವಣಗೆರೆಗೆ ಏಳೂವರೆ ಆಗುತ್ತೆ, ಅಲ್ಲಿ ದೋಸೆಗೆ ಕಾದು, ತಿಂದು, ಮತ್ತೆ 60 ಕಿಲೋಮೀಟರ್ ಹೆದ್ದಾರಿ ದಾಟಿ ಕೋಟೆ ಬಾಗಿಲಿಗೆ ಬರೋ ಹೊತ್ತಿಗೆ ಹತ್ತರ ಹತ್ತಿರ. ಚುಕ್ಕಿ ಸಾಲು ಮಾಡಿದ್ದೇನು? ಈ "ಅದಕ್ಕೇ", "ಆದರೆ", "ಹಾಗಿಲ್ಲ" ಎಲ್ಲವನ್ನೂ ಕಿತ್ತು ಹಾಕಿ, ದೋಸೆಯನ್ನೂ ಮಂಡಿಯನ್ನೂ ಒಂದೇ ತೂಕಕ್ಕೆ ತಂದು ಕೂರಿಸಿದೆ. ದೋಸೆಗೂ ಬೇಗ ಬರೋದಕ್ಕೂ ಜಗಳ ಇದೆ ಅನ್ನೋದೇ ಕಾಣೋದಿಲ್ಲ.

ದಪ್ಪ ತಲೆಬರಹದ್ದು ಇನ್ನೊಂದು ತಂಟೆ. ಒಮ್ಮೆ "ಆರೋಗ್ಯ:" ಅಂತ ಹಾಕಿದಿರೋ, ಅದರ ಮುಂದೆ ಏನಾದರೂ ಬರೆಯಲೇಬೇಕು. ಅದಕ್ಕೇ "ಎಚ್ಚರ ಇರಲಿ" ಅನ್ನೋ ಥರದ, ಯಾರಿಗೂ ಉಪಯೋಗಕ್ಕೆ ಬಾರದ ಸಾಲು ಹುಟ್ಟುತ್ತೆ. ಎಚ್ಚರ ಇರಲಿ ಅಂದರೆ ಏನು ಮಾಡಬೇಕು? ಗೋಡೆ ಹಿಡಿದು ಹತ್ತಬೇಕಾ, ಕೆಳಗೇ ಕೂರಬೇಕಾ? ನನಗೆ ಬಂದ ಇಂಥ ಸಂದೇಶಗಳಲ್ಲಿ ತಲೆಬರಹ ಮುಚ್ಚಿ ಬರೀ ಸಾಲು ಓದಿ ನೋಡುತ್ತೇನೆ. ಬಹಳ ಸಾಲುಗಳು ಅಲ್ಲಿಗೇ ಸತ್ತುಹೋಗುತ್ತವೆ.

ಜೊತೆಗೆ ಗುರುತುಗಳ ಕಸ. ಈ ಎರಡು ನಕ್ಷತ್ರ, ಎರಡು ಹ್ಯಾಷ್ ಬರೋದು ಮಾರ್ಕ್‌ಡೌನ್ ಅನ್ನೋ ಬರವಣಿಗೆ ಕ್ರಮದಿಂದ, ಅದು 2004ರಲ್ಲಿ ವೆಬ್ ಪುಟ ಬರೆಯುವವರಿಗಾಗಿ ಬಂದದ್ದು. ಎಐ ಚಾಟ್ ತಂತ್ರಾಂಶಗಳು ಉತ್ತರವನ್ನು ಇದೇ ಕ್ರಮದಲ್ಲಿ ಕೊಡುತ್ತವೆ, ಅವುಗಳ ಕಿಟಕಿಯಲ್ಲಿ ಅದು ದಪ್ಪ ಅಕ್ಷರವಾಗಿ ಕಾಣುತ್ತೆ. ವಾಟ್ಸಾಪ್‌ನಲ್ಲಿ ದಪ್ಪ ಅಕ್ಷರಕ್ಕೆ ಒಂದೇ ನಕ್ಷತ್ರ ಸಾಕು, ಹ್ಯಾಷ್ ಹಾಕಿದರೆ ತಲೆಬರಹ ಆಗೋದಿಲ್ಲ. ಹಾಗಾಗಿ ಅಲ್ಲಿಂದ ಎತ್ತಿ ಇಲ್ಲಿ ಅಂಟಿಸಿದರೆ ಹೆಚ್ಚುವರಿ ನಕ್ಷತ್ರ, ಹ್ಯಾಷ್ ಹಾಗೇ ಉಳಿದುಕೊಳ್ಳುತ್ತವೆ. ಮನೆ ಗುಂಪಿನಲ್ಲಿ ಅದನ್ನು ಕಂಡ ಕೂಡಲೇ "ಇದು ನೀನು ಬರೆದಿದ್ದಲ್ಲ ಬಿಡು" ಅಂತ ಒಬ್ಬರಾದರೂ ಅಂದೇ ಅನ್ನುತ್ತಾರೆ.

ಎರಡನೆಯದು ಗೆರೆ ರೂಪ. ಪಟ್ಟಿ ಬೇಡ ಅಂತ ತೀರ್ಮಾನ ಮಾಡಿದವರು ಸಾಮಾನ್ಯವಾಗಿ ಇಲ್ಲಿಗೆ ಬಂದು ಬೀಳುತ್ತಾರೆ.

"ಬೆಳಗ್ಗೆ ಬೇಗ ಬನ್ನಿ — ಬಂಡೆ ಕಾಯುತ್ತದೆ — ದೊಡ್ಡಮ್ಮ ನಿಧಾನಕ್ಕೆ ಹತ್ತಲಿ — ದೋಸೆ ಸಂಜೆಗಿರಲಿ. ಇದು ಬರೀ ಕೋಟೆಯಲ್ಲ — ಒಂದು ಅನುಭವ."

ಪಟ್ಟಿಗಿಂತ ಇದು ಮಾತಿಗೆ ಹತ್ತಿರ ಅನ್ನಿಸುತ್ತೆ, ಅದೇ ಮೋಸ. ಬಂಡೆ ಕಾಯೋದು ಬೇಗ ಬರೋದಕ್ಕೆ ಕಾರಣವೋ, ನಿಧಾನಕ್ಕೆ ಹತ್ತೋದಕ್ಕೆ ಕಾರಣವೋ? ದೋಸೆ ಯಾಕೆ ಸಂಜೆಗೆ? ಗೆರೆ ಏನನ್ನೂ ಹೇಳೋದಿಲ್ಲ, ಎರಡು ಮಾತನ್ನು ಪಕ್ಕಪಕ್ಕ ಇಟ್ಟು ಕೈ ತೊಳೆದುಕೊಳ್ಳುತ್ತೆ. ಕನ್ನಡದಲ್ಲಿ ಮಾತು ಜೋಡಿಸೋಕೆ ಗೆರೆ ಬೇಕಾಗೇ ಇಲ್ಲ. "ಬಂದು", "ಹತ್ತಿ", "ತಿಂದು", "ಕಾದರೆ", "ಅಂತ", "ಆದ್ರೂ" ಇವೆಲ್ಲ ಕ್ರಿಯೆಯ ಬಾಲದಲ್ಲೇ ಕೊಂಡಿ ಇಟ್ಟುಕೊಂಡಿವೆ. ನಾಲ್ಕು ಕೆಲಸ ಒಂದೇ ಉಸಿರಲ್ಲಿ ಹೇಳಿ, ಕೊನೆಗೆ ಒಂದು ಪೂರ್ಣ ಕ್ರಿಯಾಪದ ಇಟ್ಟರೆ ವಾಕ್ಯ ಮುಗೀತು. ಗೆರೆ ಹಾಕಿದಾಗ ಪ್ರತಿ ತುಂಡಿಗೂ ಪೂರ್ಣ ಕ್ರಿಯಾಪದ ಬೇಕಾಗಿ, ಬನ್ನಿ, ಕಾಯುತ್ತದೆ, ಹತ್ತಲಿ, ಇರಲಿ ಅಂತ ವಾಕ್ಯ ಕುಂಟುತ್ತಾ ಹೋಗುತ್ತೆ. ಆ ಕೊನೆಯ "ಬರೀ ಕೋಟೆಯಲ್ಲ" ಸಾಲಂತೂ ಬಿಡಿ, ಮಂಡಿ ನೋವಿನವರಿಗೆ ಅನುಭವ ಅಂದರೆ ಏನು ಅಂತ ಚೆನ್ನಾಗೇ ಗೊತ್ತಿದೆ.

ಪರೀಕ್ಷೆ ಸುಲಭ. ಗೆರೆ ಅಳಿಸಿ, ಆ ಜಾಗದಲ್ಲಿ ಬಾಯಲ್ಲಿ ಯಾವ ಪದ ಬರುತ್ತೆ ನೋಡಿ. "ಯಾಕಂದ್ರೆ" ಬಂದರೆ ಅದನ್ನೇ ಬರೆಯಿರಿ. ಬರೀ ಅಲ್ಪವಿರಾಮ ಸಾಕು ಅನ್ನಿಸಿದರೆ ಅದನ್ನು ಹಾಕಿ. ಯಾವ ಪದವೂ ಬರದಿದ್ದರೆ ಆ ಎರಡು ಮಾತಿಗೆ ಸಂಬಂಧವೇ ಇಲ್ಲ, ಪೂರ್ಣವಿರಾಮ ಇಡಿ.

ಆದರೆ ಗೆರೆ ಕಂಡ ತಕ್ಷಣ "ಯಂತ್ರ ಬರೆದಿದ್ದು" ಅಂತ ತೀರ್ಪು ಕೊಡೋದನ್ನು ನಾನು ಒಪ್ಪೋದಿಲ್ಲ. ಪುಸ್ತಕ, ಪತ್ರಿಕೆಗಳಲ್ಲಿ ಉದ್ದ ಗೆರೆ ಮೊದಲಿಂದಲೂ ಇದೆ. ವರ್ಡ್‌ನಲ್ಲಿ ಎರಡು ಪದದ ನಡುವೆ ಜಾಗ ಬಿಡದೆ ಎರಡು ಚಿಕ್ಕ ಗೆರೆ ಹೊಡೆದು ಮುಂದೆ ಟೈಪ್ ಮಾಡಿದರೆ ಅದೇ ಉದ್ದ ಗೆರೆ ಆಗಿಬಿಡುತ್ತೆ. ಕಚೇರಿ ಪತ್ರ ಬರೆದು ಅಭ್ಯಾಸ ಇರೋರ ಬರಹದಲ್ಲಿ ಹಾಗೇ ಬಂದಿರುತ್ತೆ. ಇಡೀ ಪುಟದಲ್ಲಿ ಒಂದು ಗೆರೆ ಇದ್ದರೆ ಅದು ಏನನ್ನೂ ಸಾಬೀತು ಮಾಡೋದಿಲ್ಲ. ಪ್ರತಿ ವಾಕ್ಯದಲ್ಲೂ, ಅದೂ ಒಂದೇ ಕೆಲಸಕ್ಕೆ, ಕೊನೆಯ ತುಂಡನ್ನು ಮೆರೆಸೋಕೆ ಅಂತ ಬಂದಿದ್ದರೆ ಆಗ ಸಂಶಯ ಪಡಬಹುದು.

ಮೂರನೆಯದು ಉಸಿರು ಬಿಡದ ಮುದ್ದೆ. ಎಲ್ಲ ಗುರುತೂ ತೆಗೆದು, ಬಾಯಿಗೆ ಬಂದ ಹಾಗೆ ಒಂದೇ ಪ್ಯಾರಾದಲ್ಲಿ ಬರೆದು ಕಳಿಸಿದೆ. ಯಾರೂ ಇದನ್ನು ಯಂತ್ರದ್ದು ಅನ್ನಲಿಲ್ಲ. ಮಾವ ಮಾತ್ರ ಅರ್ಧಕ್ಕೇ ಬಿಟ್ಟು ಫೋನ್ ಮಾಡಿದರು, ಸಣ್ಣ ಪರದೆಯಲ್ಲಿ ಕಣ್ಣು ಎಲ್ಲಿ ನಿಂತಿತ್ತು ಅನ್ನೋದೇ ಕಳೆದುಹೋಯಿತಂತೆ. ಪ್ರಾಮಾಣಿಕವಾಗಿದ್ದ ಮಾತ್ರಕ್ಕೆ ಬರಹ ಓದಿಸಿಕೊಳ್ಳೋದಿಲ್ಲ.

ಕೊನೆಗೆ ನಾನು ಅವನಿಗೆ ಕಳಿಸಿದ್ದು ಇದು:

"ದೊಡ್ಡಮ್ಮನ್ನ ಖಂಡಿತ ಕರ್ಕೊಂಡು ಬಾ, ಆದರೆ ತುಪ್ಪದ ಕೊಳದ ಕಡೆ ಬೇಡ, ಅಲ್ಲಿ ಬಂಡೆ ತುಂಬಾ ಕಡಿದು. ಏಕನಾಥೇಶ್ವರಿ ಗುಡಿವರೆಗೆ ಅಲ್ಲಲ್ಲಿ ಕೂತು ನಿಧಾನಕ್ಕೆ ಹತ್ತಿದರೆ ಆಗುತ್ತೆ. ಅವರನ್ನ ಗುಡಿ ಹತ್ತಿರ ನೆರಳಲ್ಲಿ ಕೂರಿಸಿ ಉಳಿದವರು ಮೇಲೆ ಹೋಗಿ ಬನ್ನಿ, ಓಬವ್ವನ ಕಿಂಡಿಗೂ ನೀವೇ ಹೋಗಿ.

ಅವರು ನಿಧಾನಕ್ಕೆ ಹತ್ತೋದ್ರಿಂದ ಬಿಸಿಲೇರೋ ಮೊದಲೇ ಶುರು ಮಾಡಬೇಕು. ಬೆಳಗ್ಗೆ ದೋಸೆಗೆ ನಿಂತರೆ ಇಲ್ಲಿಗೆ ಬರೋ ಹೊತ್ತಿಗೆ ಹತ್ತಾಗುತ್ತೆ, ಆಮೇಲೆ ಬಂಡೆ ಮೇಲೆ ಕೂರೋಕಾಗಲ್ಲ. ತಿಂಡಿ ಕಟ್ಕೊಂಡು ಬಂದುಬಿಡಿ, ದೋಸೆ ಸಂಜೆ ವಾಪಸ್ ಹೋಗುವಾಗ ತಿಂದರಾಯ್ತು."

ಎರಡೇ ಪ್ಯಾರಾ, ಮಧ್ಯೆ ಒಂದು ಖಾಲಿ ಸಾಲು. ಮೊದಲನೆಯದು ಯಾರು ಎಲ್ಲಿವರೆಗೆ ಅನ್ನೋದು, ಎರಡನೆಯದು ಯಾವಾಗ ಅನ್ನೋದು. ಖಾಲಿ ಸಾಲೇ ಇಲ್ಲಿ ತಲೆಬರಹದ ಕೆಲಸ ಮಾಡುತ್ತೆ. ಉತ್ತರ ಮೊದಲ ನಾಲ್ಕು ಪದದಲ್ಲೇ ಇದೆ. ಪಟ್ಟಿಗಿಂತ ಉದ್ದ, ನಿಜ. ಆದರೆ ಇದಕ್ಕೆ ಅವನಿಂದ ಬಂದಿದ್ದು "ಆಯ್ತಣ್ಣ" ಅಂತ ಒಂದೇ ಮಾತು, ಪಟ್ಟಿಗಾಗಿದ್ದರೆ ಫೋನ್ ಮಾಡಿ ಎಲ್ಲ ಬಿಡಿಸಿ ಹೇಳಬೇಕಾಗುತ್ತಿತ್ತು.

ಹಾಗಂತ ಪಟ್ಟಿಯ ಮೇಲೆ ನನಗೆ ದ್ವೇಷ ಏನಿಲ್ಲ. ಒಂದನ್ನೊಂದು ನೆಚ್ಚಿಕೊಳ್ಳದ ವಿಷಯಕ್ಕೆ ಅದೇ ಸರಿ. ಮದುವೆ ಮನೆಗೆ ಕಿರಾಣಿ ಸಾಮಾನು, ಬಸ್ಸಿನ ವೇಳೆ, ಆಸ್ಪತ್ರೆಗೆ ಒಯ್ಯಬೇಕಾದ ಕಾಗದಗಳು, ಇವನ್ನೆಲ್ಲ ಪ್ಯಾರಾದಲ್ಲಿ ಬರೆದರೆ ಓದುವವರಿಗೆ ಶಿಕ್ಷೆ. ಸಾಲುಗಳನ್ನು ಹಿಂದುಮುಂದು ಮಾಡಿ ನೋಡಿ. ಅಕ್ಕಿ, ಬೇಳೆ, ಬೆಲ್ಲವನ್ನು ಬೆಲ್ಲ, ಅಕ್ಕಿ, ಬೇಳೆ ಮಾಡಿದರೂ ಅರ್ಥ ಕೆಡೋದಿಲ್ಲ, ಅದು ಪಟ್ಟಿ. ದೋಸೆ, ಬಿಸಿಲು, ಮಂಡಿಯ ಸಾಲುಗಳನ್ನು ಹಾಗೆ ಕಲಸಿದರೂ ನಮ್ಮ ಮೊದಲ ರೂಪ ಕೆಡಲಿಲ್ಲ, ಯಾಕಂದ್ರೆ ಅದರ ಕಾರಣಗಳೆಲ್ಲ ಆಗಲೇ ಬಿದ್ದುಹೋಗಿದ್ದವು. ಕೊನೆಗೆ ಕಳಿಸಿದ ರೂಪದಲ್ಲಿ ಎರಡನೇ ಪ್ಯಾರಾವನ್ನು ಮೇಲೆ ಹಾಕಿದರೆ "ಅವರು" ಅಂದರೆ ಯಾರು ಅಂತಲೇ ಗೊತ್ತಾಗೋದಿಲ್ಲ.

ದಪ್ಪ ಅಕ್ಷರ ನಾನು ಈಗ ಬಳಸೋದು ಒಂದಕ್ಕೆ ಮಾತ್ರ, ಓದುವವರು ತಪ್ಪಿಸಿಕೊಂಡರೆ ಕೆಲಸ ಕೆಡುವಂಥ ತಾರೀಕಿಗೋ ಹಣಕ್ಕೋ, ಅದೂ ಒಂದು ಸಂದೇಶಕ್ಕೆ ಒಂದೇ. ವರ್ಡ್ ತಾನಾಗೇ ಗೆರೆ ಉದ್ದ ಮಾಡೋದು ಕಿರಿಕಿರಿ ಆಗಿದ್ದರೆ `AutoCorrect Options` ಒಳಗೆ `AutoFormat As You Type` ಅನ್ನೋ ಪುಟಕ್ಕೆ ಹೋಗಿ, `Hyphens (--) with dash (—)` ಮುಂದಿರೋ ಗುರುತು ತೆಗೆಯಿರಿ.