ಸೀಲ್ ಬಾಟಲಿ, ಹತ್ತು ಎಂಎಲ್ ಡಿಕ್ಯಾಂಟ್: ಮೋಸ ಯಾವುದರಲ್ಲಿ, ಹೇಗೆ?

ಆನ್‌ಲೈನ್‌ನಲ್ಲಿ ಕಡಿಮೆ ದುಡ್ಡಿಗೆ ಸೆಂಟ್ ಬೇಕೆಂದರೆ ಎರಡು ದಾರಿ ಇವೆ. ಭಾರಿ ರಿಯಾಯಿತಿಯ ಸೀಲ್ ಬಾಟಲಿ ಒಂದು. ದೊಡ್ಡ ಬಾಟಲಿಯಿಂದ ಸಣ್ಣ ಶೀಶೆಗೆ ತುಂಬಿ ಮಾರುವ ಡಿಕ್ಯಾಂಟ್ ಇನ್ನೊಂದು. ಎರಡರಲ್ಲೂ ಮೋಸ ಇದೆ, ಆದರೆ ಅದರ ಬಗೆ ಬೇರೆ. ನಕಲಿ ಬಾಟಲಿಯಲ್ಲಿ ಇರುವುದೇ ಬೇರೆ ಸೆಂಟ್. ಡಿಕ್ಯಾಂಟ್ ಮೋಸದಲ್ಲಿ ಬಹಳ ಸಲ ಸೆಂಟ್ ಅಸಲಿಯೇ, ಅದಕ್ಕೆ ಸ್ಪಿರಿಟ್ ಬೆರೆಸಿರುತ್ತಾರೆ. ಹಾಗಾಗಿ ಎರಡಕ್ಕೂ ಒಂದೇ ಪರೀಕ್ಷೆ ಸಾಲುವುದಿಲ್ಲ.

ನಾನು ಹೋಲಿಸಿದ್ದು ಡಿಯೋರ್ ಕಂಪನಿಯ ಸೊವಾಜ್ ಇಡಿಟಿಯನ್ನು, ಅಂದರೆ ಓ ದ ಟ್ವಾಲೆಟ್ ಎನ್ನುವ ಬಗೆಯನ್ನು. 2015ರಲ್ಲಿ ಬಂದ ಸೆಂಟ್ ಇದು. ಬಳ್ಳಾರಿಯಲ್ಲಿ ಹುಡುಗರ ಬಾಯಲ್ಲಿ ಜಾಸ್ತಿ ಕೇಳಿಬರುವ ಹೆಸರು, ನಕಲಿಯೂ ಅಷ್ಟೇ ಜಾಸ್ತಿ. ಚಿಕ್ಕಪ್ಪನ ಮಗ ಬೆಂಗಳೂರಿನ ಮಾಲ್ ಕೌಂಟರ್‌ನಲ್ಲಿ ಬಿಲ್ ಹಾಕಿಸಿ ತಂದ ಬಾಟಲಿಯನ್ನು ಅಳತೆಗೋಲಾಗಿ ಇಟ್ಟುಕೊಂಡೆ. ಅದರ ಪಕ್ಕಕ್ಕೆ ಆನ್‌ಲೈನ್‌ನ ಅಗ್ಗದ ಸೀಲ್ ಬಾಟಲಿ, ಬೇರೆ ಬೇರೆ ಮಾರಾಟಗಾರರ ಎರಡು ಡಿಕ್ಯಾಂಟ್.

ಮೊದಲು ಬಾಟಲಿ. ಪೆಟ್ಟಿಗೆಯ ತಳದಲ್ಲಿ ಮತ್ತು ಬಾಟಲಿಯ ತಳದಲ್ಲಿ ಇರುವ ಬ್ಯಾಚ್ ಕೋಡ್ ಒಂದೇ ಆಗಿರಬೇಕು. ಅಗ್ಗದ್ದರಲ್ಲೂ ಒಂದೇ ಇತ್ತು. ಅದಕ್ಕೇ ಹೇಳುತ್ತೇನೆ, ಕೋಡ್ ತಾಳೆಯಾಗದಿದ್ದರೆ ಬಾಟಲಿಯನ್ನು ಬಿಟ್ಟುಬಿಡಿ, ತಾಳೆಯಾಯಿತು ಎಂದ ಮಾತ್ರಕ್ಕೆ ಅಸಲಿ ಅಂತ ತೀರ್ಮಾನಿಸಬೇಡಿ. ನಕಲಿ ಮಾಡುವವರು ನಿಜವಾದ ಕೋಡನ್ನೇ ಎತ್ತಿ ಸಾವಿರಾರು ಪೆಟ್ಟಿಗೆಗೆ ಹೊಡೆಯಬಹುದು. ವೆಬ್‌ಸೈಟ್‌ನಲ್ಲಿ ಕೋಡ್ ಹಾಕಿ ನೋಡಿದರೂ ಅಷ್ಟೇ, ಅದು ತಯಾರಾದ ಕಾಲವನ್ನು ಅಂದಾಜಿಸುತ್ತದೆ, ಅಸಲಿಯೋ ಅಲ್ಲವೋ ಹೇಳುವುದಿಲ್ಲ.

ಮುಚ್ಚಳ ಇನ್ನೂ ಚೆನ್ನಾಗಿ ಸುಳಿವು ಕೊಟ್ಟಿತು. ಸೊವಾಜ್ ಮುಚ್ಚಳದಲ್ಲಿ ಅಯಸ್ಕಾಂತ ಇದೆ. ಕೌಂಟರ್ ಬಾಟಲಿಯಲ್ಲಿ ಹತ್ತಿರ ಒಯ್ದರೆ ಸಾಕು, ಟಕ್ಕನೆ ಕೂರುತ್ತದೆ. ಅಗ್ಗದ್ದರಲ್ಲಿ ಎಳೆತ ಕಡಿಮೆ, ಮುಚ್ಚಳ ಓರೆಯಾಗಿ ನಿಲ್ಲುತ್ತಿತ್ತು. ಪೆಟ್ಟಿಗೆ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇರುವ ಚೀಟಿಯೂ ಇರಲಿಲ್ಲ. ಇಲ್ಲಿ ಮಾರಲು ಆಮದಾದ ಮಾಲಿಗೆ ಅದು ಕಡ್ಡಾಯ. ಆದರೆ ಡ್ಯೂಟಿ ಫ್ರೀಯಲ್ಲಿ ಕೊಂಡ ಅಸಲಿ ಬಾಟಲಿಗೂ ಆ ಚೀಟಿ ಇರುವುದಿಲ್ಲ, ಅದೊಂದನ್ನೇ ನೆಚ್ಚಬೇಡಿ.

ಡಿಕ್ಯಾಂಟ್‌ಗೆ ಪೆಟ್ಟಿಗೆಯೂ ಇಲ್ಲ, ಕೋಡೂ ಇಲ್ಲ. ಮೂಗೇ ಗತಿ. ಆದರೆ ಸುಮ್ನೆ ಸ್ಪ್ರೇ ಮಾಡಿ ಮೂಸಿದರೆ ಏನೂ ಗೊತ್ತಾಗದು, ಯಾಕೆಂದರೆ ಒಂದೊಂದು ಪಂಪ್ ಒಂದೊಂದು ಅಳತೆ ಬಿಡುತ್ತದೆ. ಮೆಡಿಕಲ್ ಶಾಪಿನ 40 ಯೂನಿಟ್ ಇನ್ಸುಲಿನ್ ಸಿರಿಂಜ್ ಇದಕ್ಕೆ ಹೇಳಿಮಾಡಿಸಿದ್ದು. ಅದರಲ್ಲಿ 4 ಯೂನಿಟ್ ಅಂದರೆ 0.1 ಎಂಎಲ್. ಪ್ರತಿಯೊಂದನ್ನೂ ಒಂದು ಪುಟ್ಟ ಲೋಟಕ್ಕೆ ಸ್ಪ್ರೇ ಮಾಡಿ, ಬೇರೆ ಬೇರೆ ಸಿರಿಂಜಿನಲ್ಲಿ 4 ಯೂನಿಟ್ ಎಳೆದು, ಒಂದೇ ಅಳತೆಯ ದಪ್ಪ ಕಾಗದದ ಪಟ್ಟಿಗಳಿಗೆ ಹಾಕಿದೆ. ಗುರುತು ಪಟ್ಟಿಯ ಹಿಂದೆ ಬರೆದೆ, ಮೂಸುವಾಗ ಯಾವುದು ಯಾವುದೆಂದು ತಿಳಿಯಬಾರದು, ಅಲ್ವಾ. ಫ್ಯಾನ್ ಆರಿಸಿದ ಒಂದೇ ಕೋಣೆಯಲ್ಲಿ ಎಲ್ಲವನ್ನೂ ಇಟ್ಟೆ. ನಮ್ಮ ಬೇಸಿಗೆಯ ಬಿಸಿಗೆ ಮೇಲಿನ ನಿಂಬೆಯಂಥ ವಾಸನೆ ಬೇಗ ಹಾರುತ್ತದೆ, ಕೋಣೆ ಬೇರೆಯಾದರೆ ಹೋಲಿಕೆಯೇ ಕೆಡುತ್ತದೆ.

ಮೊದಲ ಕಾಲು ಗಂಟೆಯಲ್ಲಿ ತೀರ್ಪು ಕೊಡಬೇಡಿ. ನಕಲಿಯವರು ಜಾಸ್ತಿ ಮುತುವರ್ಜಿ ವಹಿಸುವುದೇ ಆ ಮೊದಲ ಘಾಟಿಗೆ. ನಮ್ಮ ಸೀಲ್ ಬಾಟಲಿಯೂ ಆಗ ಪಾಸಾಗಿತ್ತು. ಸೊವಾಜ್‌ನ ತಳದಲ್ಲಿರುವುದು ಆಂಬ್ರಾಕ್ಸನ್, ನಿಧಾನಕ್ಕೆ ಆವಿಯಾಗುವ ವಸ್ತು. ಮರುದಿನ ಬೆಳಿಗ್ಗೆ ಕೌಂಟರ್ ಬಾಟಲಿಯ ಪಟ್ಟಿಯಲ್ಲಿ ಅದು ಸ್ಪಷ್ಟವಾಗಿತ್ತು. ಸೀಲ್ ಬಾಟಲಿಯದರಲ್ಲಿ ಸಿಹಿ ಸೋಪಿನ ವಾಸನೆ ಮಾತ್ರ ಉಳಿದಿತ್ತು. ಒಂದು ಡಿಕ್ಯಾಂಟ್ ಕೌಂಟರ್ ಬಾಟಲಿಗೆ ಸಮವಾಗಿತ್ತು. ಇನ್ನೊಂದರದ್ದು ಅದೇ ವಾಸನೆ, ಆದರೆ ತೀರಾ ಮಂದ.

ಇಲ್ಲಿಯೇ ಮುಖ್ಯವಾದ ಹೆಜ್ಜೆ. ಹೊಸ ಪಟ್ಟಿಗಳಿಗೆ ಅನುಮಾನ ಬಂದವುಗಳನ್ನು 8 ಯೂನಿಟ್, ಕೌಂಟರ್‌ನದನ್ನು 4 ಯೂನಿಟ್ ಹಾಕಿದೆ. ಮಂದ ಡಿಕ್ಯಾಂಟ್ ಮರುದಿನ ಕೌಂಟರ್ ಪಟ್ಟಿಯ ಹತ್ತಿರಕ್ಕೆ ಬಂತು. ಅಂದರೆ ಸೆಂಟ್ ಅದೇ, ಸುಮಾರು ಅರ್ಧದಷ್ಟು ಸ್ಪಿರಿಟ್. ಸೀಲ್ ಬಾಟಲಿಯ ಸೋಪಿನ ವಾಸನೆ ಬರೀ ಜೋರಾಯಿತು, ಸೊವಾಜ್ ಆಗಲಿಲ್ಲ. ಅಳತೆ ದುಪ್ಪಟ್ಟು ಮಾಡಿದಾಗ ಸರಿಹೋದರೆ ಅದು ಬೆರಕೆ, ಜೋರಾದರೂ ವಾಸನೆ ಬೇರೆಯೇ ಆಗಿದ್ದರೆ ನಕಲಿ. ಮೂಗಿನ ಅಂದಾಜಿಗೆ ಮಿತಿ ಇದೆ, ಹತ್ತು ಎಂಎಲ್‌ಗೆ ಒಂದು ಎಂಎಲ್ ಸ್ಪಿರಿಟ್ ಸೇರಿಸಿದ್ದರೆ ಇದರಲ್ಲಿ ಸಿಗುವುದಿಲ್ಲ. ಕೆಲವರ ಮೂಗಿಗೆ ಆಂಬ್ರಾಕ್ಸನ್ ಸರಿಯಾಗಿ ಹತ್ತುವುದೂ ಇಲ್ಲ. ಅದಕ್ಕೆ ಪಟ್ಟಿಗಳನ್ನು ನಮ್ಮ ಅಕ್ಕನ ಕೈಗೂ ಕೊಟ್ಟೆ. ಅವಳೂ ಅದೇ ಎರಡನ್ನು ಪಕ್ಕಕ್ಕಿಟ್ಟಳು.

ನನ್ನ ಆಯ್ಕೆ ಕೇಳಿದರೆ, ಅಗ್ಗದ ಸೀಲ್ ಬಾಟಲಿಗಿಂತ ಡಿಕ್ಯಾಂಟೇ ವಾಸಿ, ಆದರೆ ಲೆಕ್ಕ ಹಾಕಿ ಕೊಳ್ಳಿ. 100 ಎಂಎಲ್ ಬಾಟಲಿಗೆ ಹತ್ತು ಸಾವಿರ ಅಂದುಕೊಳ್ಳೋಣ. ಹತ್ತು ಎಂಎಲ್‌ಗೆ ಬರೀ ಸೆಂಟಿನ ಬೆಲೆಯೇ ಸಾವಿರ. ಶೀಶೆ, ಕೊರಿಯರ್, ಲಾಭ ಎಲ್ಲ ಸೇರಿ ಆರುನೂರಕ್ಕೆ ಕೊಡುತ್ತೇನೆ ಎನ್ನುವವನನ್ನು, ಯಾವ ಬಾಟಲಿಯಿಂದ ತುಂಬುತ್ತೀರಿ, ಬಿಲ್ ತೋರಿಸಿ, ತುಂಬುವಾಗ ವಿಡಿಯೊ ಮಾಡಿ ಕಳಿಸಿ ಎಂದು ಕೇಳಿ. ನಮಗೆ ಸರಿಯಾದ ಡಿಕ್ಯಾಂಟ್ ಕಳಿಸಿದವರು ಅಷ್ಟನ್ನೂ ಕೇಳುವ ಮೊದಲೇ ಕಳಿಸಿದ್ದರು.